ಕತ್ತರಿ ಹಾಕಿದರೂ ಮುಕ್ಕಾಗದ ವಿಡಿಯೊ

ಮೂರು ಗಂಟೆಯ ತಾಳಮದ್ದಳೆಯ ರೆಕಾರ್ಡಿಂಗ್ ಒಂದಿದೆ ಎನ್ನಿ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಮಾಡಿಕೊಂಡ ಎಂಪಿ4 ಫೈಲು, ಸುಮಾರು 6 ಜಿಬಿ. ಅದರಲ್ಲಿ ನಿಮಗೆ ಬೇಕಾದದ್ದು ಒಬ್ಬ ಅರ್ಥಧಾರಿಯ ಮಾತು ಮಾತ್ರ. 42 ನಿಮಿಷ 10 ಸೆಕೆಂಡಿಗೆ ಶುರುವಾಗಿ 58 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ಅದನ್ನು ಎಡಿಟಿಂಗ್ ಆ್ಯಪಿಗೆ ಹಾಕಿ, ಹಿಂದುಮುಂದಿನದನ್ನು ಕತ್ತರಿಸಿ, ಎಕ್ಸ್‌ಪೋರ್ಟ್ ಒತ್ತುತ್ತೀರಿ. ಲ್ಯಾಪ್‌ಟಾಪಿನ ಫ್ಯಾನು ಬಹಳ ಹೊತ್ತು ಗುಂಯ್‌ಗುಟ್ಟುತ್ತದೆ. ಹೊರಬಂದ ವಿಡಿಯೊದಲ್ಲಿ ಹಿಂಬದಿಯ ಪರದೆಯ ನೆರಿಗೆಗಳು ಕಲಸಿಹೋಗಿರುತ್ತವೆ, ಕತ್ತಲ ಮೂಲೆಗಳಲ್ಲಿ ಚೌಕಚೌಕವಾದ ಕಲೆಗಳು ಕಾಣುತ್ತವೆ. ಉಳಿಸಿಕೊಂಡ ಭಾಗವನ್ನು ನೀವು ಮುಟ್ಟಿಯೇ ಇಲ್ಲ, ಆದರೂ ಅದು ಕೆಟ್ಟಿತು.

ಕಾರಣ ಹುಡುಕಲು ಫೈಲಿನೊಳಗೆ ಏನಿದೆ ಎಂದು ನೋಡಬೇಕು. 1920×1080 ಅಳತೆಯ ಒಂದು ಚಿತ್ರವನ್ನು ಇದ್ದದ್ದಿದ್ದಂತೆ ಇಟ್ಟರೆ ಸುಮಾರು 3 ಎಂಬಿ ಬೇಕು. ಸೆಕೆಂಡಿಗೆ 25 ಚಿತ್ರವೆಂದರೆ 75 ಎಂಬಿಗೂ ಹೆಚ್ಚು. ನಮ್ಮ ಫೈಲು ಸೆಕೆಂಡಿಗೆ ಅರ್ಧ ಎಂಬಿಯ ಆಸುಪಾಸಿನಲ್ಲಿದೆ. ಅಂದರೆ ರೆಕಾರ್ಡ್ ಆಗುವಾಗಲೇ ಬಹುಪಾಲನ್ನು ಎಸೆದಾಗಿದೆ. ಈ ಕೆಲಸ ಮಾಡಿದ್ದು ಎಚ್.264 ಎಂಬ ಕೋಡೆಕ್.

ಅದು ಎಸೆಯುವ ರೀತಿಯಲ್ಲಿಯೇ ಗುಟ್ಟಿದೆ. ಹಿಂದಿನ ಚಿತ್ರದಲ್ಲಿ ಇದ್ದದ್ದನ್ನೇ ಮತ್ತೆ ಬರೆಯದೆ, ಏನು ಬದಲಾಯಿತೋ ಅದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಹಾಗೆ ಉಳಿದ ವಿವರಗಳನ್ನು ಪುಟ್ಟ ಚೌಕಗಳಾಗಿ ಸಂಖ್ಯೆಗಳಿಗೆ ಇಳಿಸಿ, ಆ ಸಂಖ್ಯೆಗಳನ್ನು ಹತ್ತಿರದ ಮೆಟ್ಟಿಲಿಗೆ ಸರಿಹೊಂದಿಸುತ್ತದೆ. ಮೆಟ್ಟಿಲಿನ ಎತ್ತರ 10 ಎಂದಿದ್ದರೆ 44 ಎಂಬ ಸಂಖ್ಯೆ 40 ಆಗುತ್ತದೆ. ಆ 4 ಹೋದದ್ದು ಹೋಯಿತು, ಫೈಲಿನಲ್ಲಿ ಎಲ್ಲಿಯೂ ಅದರ ಸುಳಿವಿಲ್ಲ.

ಈಗ ಎಡಿಟಿಂಗ್ ಆ್ಯಪು ಬರುತ್ತದೆ. ಅದು ಫೈಲನ್ನು ಬಿಚ್ಚಿ ಪೂರ್ತಿ ಚಿತ್ರಗಳನ್ನಾಗಿ ಮಾಡಿಕೊಂಡು, ಮೊದಲಿನಿಂದ ಮತ್ತೆ ಎನ್‌ಕೋಡ್ ಮಾಡುತ್ತದೆ. ಅದರ ಕಣ್ಣಿಗೆ ಕಾಣುವುದು 40. ಮೂಲದಲ್ಲಿ 44 ಇತ್ತೆಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದರ ಮೆಟ್ಟಿಲು 12 ಎಂದಾದರೆ 40 ಎಂಬುದು 36ಕ್ಕೆ ಇಳಿಯುತ್ತದೆ. ಮೊದಲ ಸಲವೇ 12ರ ಮೆಟ್ಟಿಲು ಬಳಸಿದ್ದರೆ 44 ಹೋಗಿ 48 ಆಗುತ್ತಿತ್ತು, ತಪ್ಪು 4ರಷ್ಟೇ ಇರುತ್ತಿತ್ತು. ಎರಡು ಸಲ ಆದದ್ದರಿಂದ 8 ಆಯಿತು. ಅಪರೂಪಕ್ಕೆ ಅದೃಷ್ಟ ಒಲಿದು ಎರಡನೆಯ ಸಲ ಮೂಲದ ಹತ್ತಿರ ಬರುವುದೂ ಉಂಟು. ಆದರೆ ಲಕ್ಷಾಂತರ ಚೌಕಗಳ ಲೆಕ್ಕದಲ್ಲಿ ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಇನ್ನೂ ಒಂದು ಕಿರಿಕಿರಿ ಇದೆ. ಮೊದಲ ಸಲ ಹುಟ್ಟಿದ ಚೌಕದ ಕಲೆಗಳನ್ನು ಎರಡನೆಯ ಎನ್‌ಕೋಡರ್ ನಿಜವಾದ ವಿವರವೆಂದೇ ನಂಬಿ, ಅವುಗಳನ್ನು ಕಾಪಾಡಲು ಜಾಗ ಖರ್ಚು ಮಾಡುತ್ತದೆ. ಇದೇ ತುಣುಕನ್ನು ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಮತ್ತೊಂದು ಸುತ್ತು, ಯೂಟ್ಯೂಬಿಗೆ ಏರಿಸಿದರೆ ಇನ್ನೊಂದು ಸುತ್ತು. ಹೇಗೂ ಯೂಟ್ಯೂಬು ಕೆಡಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಕೆಡಿಸುತ್ತದೆ ನಿಜ, ಅದಕ್ಕಾಗಿಯೇ ಅದಕ್ಕೆ ಕೊಡುವ ಪ್ರತಿ ಮೊದಲೇ ಸವೆದಿರಬಾರದು.

2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಸುತ್ತನ್ನೇ ತಪ್ಪಿಸುವ ದಾರಿಯಿದೆ. ಹೆಸರು ಸ್ಟ್ರೀಮ್ ಕಾಪಿ. ಎಂಪಿ4 ಎನ್ನುವುದು ಬರೀ ಹೊರಗಿನ ಭರಣಿ. ಅದರೊಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಚಿಕ್ಕಚಿಕ್ಕ ಪೊಟ್ಟಣಗಳಾಗಿ, ಸಮಯದ ಚೀಟಿ ಹಚ್ಚಿಕೊಂಡು ಕೂತಿರುತ್ತವೆ. ಉಪ್ಪಿನಕಾಯಿಯನ್ನು ದೊಡ್ಡ ಭರಣಿಯಿಂದ ಚಿಕ್ಕದಕ್ಕೆ ತುಂಬುವಾಗ ಯಾರೂ ಅದಕ್ಕೆ ಮತ್ತೆ ಉಪ್ಪು ಖಾರ ಹಾಕುವುದಿಲ್ಲ. ಸ್ಟ್ರೀಮ್ ಕಾಪಿ ಮಾಡುವುದೂ ಅಷ್ಟೆ. ಬೇಕಾದ ಪೊಟ್ಟಣಗಳನ್ನು ಬಿಚ್ಚದೆ ಎತ್ತಿ ಹೊಸ ಫೈಲಿಗೆ ಇಡುತ್ತದೆ.

```
ffmpeg -ss 00:42:10 -to 00:58:40 -i prasanga.mp4 -c copy artha.mp4
```

ಇಲ್ಲಿ ಜೀವಾಳವೆಂದರೆ `-c copy`. ಅದನ್ನು ಬಿಟ್ಟರೂ ಕಮಾಂಡ್ ತಕರಾರಿಲ್ಲದೆ ನಡೆಯುತ್ತದೆ, ತುಣುಕೂ ಬರುತ್ತದೆ. ಆದರೆ ಎಫ್‌ಎಫ್‌ಎಂಪೆಗ್ ತನ್ನದೇ ಮಾಮೂಲಿ ಗುಣಮಟ್ಟದಲ್ಲಿ ಸದ್ದಿಲ್ಲದೆ ಮರು ಎನ್‌ಕೋಡ್ ಮಾಡಿರುತ್ತದೆ. ಗೊತ್ತಾಗುವುದು ಹೇಗೆ? ಪರದೆಯ ಮೇಲೆ `Stream mapping` ಎಂಬ ಸಾಲಿನ ಕೆಳಗೆ ನೋಡಿ. `(copy)` ಎಂದಿದ್ದರೆ ಸರಿ, `(h264 (native) -> h264 (libx264))` ಎಂದಿದ್ದರೆ ಅಲ್ಲ. ಗಾತ್ರವೂ ಸಾಕ್ಷಿ ಹೇಳುತ್ತದೆ. ಮೂರು ಗಂಟೆಗೆ 6 ಜಿಬಿ ಎಂದರೆ ಹದಿನಾರೂವರೆ ನಿಮಿಷಕ್ಕೆ ಸುಮಾರು 550 ಎಂಬಿ ಬರಬೇಕು. 250 ಎಂಬಿಯ ಫೈಲು ಬಂದರೆ ಅನುಮಾನ ಪಡಿ. ಸಮಯವಂತೂ ಕೇಳುವುದೇ ಬೇಡ, ಕಾಪಿಗೆ ಕೆಲವೇ ಸೆಕೆಂಡು ಸಾಕು.

ಇಷ್ಟಾದ ಮೇಲೆ ತುಣುಕನ್ನು ತೆರೆದರೆ ಒಂದು ಅಚ್ಚರಿ ಕಾದಿರಬಹುದು. ಅದು ನೀವು ಹೇಳಿದಲ್ಲಿಗಿಂತ ಆರೇಳು ಸೆಕೆಂಡು ಮೊದಲೇ ಶುರುವಾಗಿರುತ್ತದೆ. ಅಥವಾ ಮಾತು ಕೇಳುತ್ತಿದ್ದರೂ ಚಿತ್ರ ಕದಲದೆ ನಿಂತಿರುತ್ತದೆ. ಇದು ಎಫ್‌ಎಫ್‌ಎಂಪೆಗ್‌ನ ದೋಷವಲ್ಲ, ಕೋಡೆಕ್‌ನ ಸ್ವಭಾವ. ಹೆಚ್ಚಿನ ಚಿತ್ರಗಳು ಬೇರೆ ಚಿತ್ರಗಳ ಮೇಲೆ ಒರಗಿಕೊಂಡಿರುತ್ತವೆ ಎಂದೆವಲ್ಲ. ಯಾರನ್ನೂ ನೆಚ್ಚದೆ ಸ್ವಂತವಾಗಿ ನಿಲ್ಲುವ ಪೂರ್ತಿ ಚಿತ್ರಕ್ಕೆ ಕೀಫ್ರೇಮ್ ಎನ್ನುತ್ತಾರೆ. ಬಿಚ್ಚದೆ ಕತ್ತರಿಸುವುದಾದರೆ ಚಿತ್ರದ ಆರಂಭ ಅಲ್ಲಿಂದಲೇ ಆಗಬೇಕು. ಫೋನುಗಳ ವಿಡಿಯೊದಲ್ಲಿ ಕೀಫ್ರೇಮ್‌ಗಳು ಸಾಮಾನ್ಯವಾಗಿ ಹತ್ತಿರಹತ್ತಿರ ಇರುತ್ತವೆ. ಕಂಪ್ಯೂಟರಿನಲ್ಲಿ ಎಕ್ಸ್264 ಎನ್‌ಕೋಡರ್ ಬಳಸಿ ಮಾಡಿದ ರೆಕಾರ್ಡಿಂಗಿನಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, 250 ಚಿತ್ರಕ್ಕೊಂದರಂತೆ ದೂರವಿರಬಹುದು. ಸೆಕೆಂಡಿಗೆ 25ರ ಲೆಕ್ಕದಲ್ಲಿ ಅದು 10 ಸೆಕೆಂಡು. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಾಡುವ ತಾಳಮದ್ದಳೆಯಲ್ಲಿ ದೃಶ್ಯ ಬದಲಾಗುವುದಿಲ್ಲವಾದ್ದರಿಂದ ನಡುವೆ ಹೊಸ ಕೀಫ್ರೇಮ್ ಹಾಕಲು ಎನ್‌ಕೋಡರಿಗೆ ಕಾರಣವೂ ಸಿಗದು.

ಆದ್ದರಿಂದ ಕತ್ತರಿಸುವ ಮೊದಲು ಕೀಫ್ರೇಮ್ ಎಲ್ಲೆಲ್ಲಿವೆ ಎಂದು ಕೇಳಿ ತಿಳಿಯುವುದು ಮೇಲು. 42 ನಿಮಿಷ 10 ಸೆಕೆಂಡು ಎಂದರೆ 2530ನೇ ಸೆಕೆಂಡು.

```
ffprobe -v error -select_streams v:0 -skip_frame nokey \
  -show_entries frame=pts_time -of csv=p=0 \
  -read_intervals 2510%2540 prasanga.mp4
```

ಉತ್ತರದಲ್ಲಿ 2513.44, 2523.44, 2533.44 ಎಂದು ಬಂತೆನ್ನಿ. 2530ಕ್ಕೆ ಕತ್ತರಿಸಿ ಎಂದರೆ ಎಫ್‌ಎಫ್‌ಎಂಪೆಗ್ ಹಿಂದಿನ ಕೀಫ್ರೇಮ್‌ಗೆ, ಅಂದರೆ 2523.44ಕ್ಕೆ ಹೋಗಿ ಅಲ್ಲಿಂದ ಚಿತ್ರವನ್ನು ಎತ್ತುತ್ತದೆ. ಹೆಚ್ಚುವರಿ ಆರೂವರೆ ಸೆಕೆಂಡು ಫೈಲಿನಲ್ಲಿ ಉಳಿಯುತ್ತದೆ. ಎಲ್ಲಿಂದ ತೋರಿಸಬೇಕು ಎಂಬ ಟಿಪ್ಪಣಿಯನ್ನು ಎಂಪಿ4 ಇಟ್ಟುಕೊಳ್ಳಬಲ್ಲದು. ಕೆಲವು ಪ್ಲೇಯರ್‌ಗಳು ಅದನ್ನು ಪಾಲಿಸುತ್ತವೆ, ಕೆಲವು ಕಡೆಗಣಿಸುತ್ತವೆ. ಒಂದೇ ಫೈಲು ಕಂಪ್ಯೂಟರಿನಲ್ಲಿ ಒಂದು ಥರ, ಟಿವಿಯಲ್ಲಿ ಇನ್ನೊಂದು ಥರ ಶುರುವಾಗುವುದಕ್ಕೆ ಇದೇ ಕಾರಣ. `-ss` ಅನ್ನು `-i` ನಂತರ ಬರೆದರೆ ಫಜೀತಿ ತಿರುಗುಮುರುಗು. ಮಾತು 2530ಕ್ಕೇ ಶುರುವಾಗುತ್ತದೆ, ಚಿತ್ರ ಮಾತ್ರ 2533.44ರ ಕೀಫ್ರೇಮ್‌ವರೆಗೆ ಬರುವುದಿಲ್ಲ.

ನನ್ನ ಮಟ್ಟಿಗೆ ಸುಲಭದ ದಾರಿಯೆಂದರೆ ಕೀಫ್ರೇಮ್‌ಗೆ ಸೋತು ಹೊಂದಿಕೊಳ್ಳುವುದು. `-ss 2523.44` ಎಂದೇ ಕೊಟ್ಟರೆ ಭಾಗವತರ ಪದ್ಯದ ಕೊನೆಯ ಎಳೆಯೊಂದು ತುಣುಕಿನ ತಲೆಯಲ್ಲಿ ಉಳಿಯುತ್ತದೆ, ಕೇಳುವವರಿಗೆ ಅದರಿಂದ ಹಿತವೇ. ಕೊನೆಯ ಕತ್ತರಿಗೆ ಈ ಕಟ್ಟುಪಾಡಿಲ್ಲ, ಚಿತ್ರಗಳು ಒರಗುವುದು ಹೆಚ್ಚಾಗಿ ಹಿಂದಿನವುಗಳ ಮೇಲೆ. ಮುಂದಿನವುಗಳನ್ನೂ ನೆಚ್ಚುವ ಕೆಲವು ಚಿತ್ರಗಳು ಇರುವುದರಿಂದ ಕಟ್ಟಕಡೆಯಲ್ಲಿ ಒಂದೆರಡು ಚಿತ್ರ ತಡವರಿಸಬಹುದು. ಒಂದು ಸೆಕೆಂಡು ಹೆಚ್ಚಿಗೆ ಇಟ್ಟರೆ ಆಯಿತು. ರೆಕಾರ್ಡಿಂಗಿನಲ್ಲಿ ಭಾಗವತರ ಮೈಕು, ಸಭೆಯ ಮೈಕು ಎಂದು ಎರಡು ಧ್ವನಿ ಟ್ರ್ಯಾಕ್ ಇದ್ದರೆ `-map 0` ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ ಒಂದೇ ಟ್ರ್ಯಾಕ್ ಬರುತ್ತದೆ. ಕಮಾಂಡ್ ಬರೆಯಲು ಬೇಸರವಾದವರಿಗೆ ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶವಿದೆ. ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ಗೇ, ಹೊರಗೆ ಗುಂಡಿಗಳಿವೆ, ಕೀಫ್ರೇಮ್‌ನಿಂದ ಕೀಫ್ರೇಮ್‌ಗೆ ಜಿಗಿಯಲೂ ಬರುತ್ತದೆ.

ಚಿತ್ರದ ಮೇಲೆ ಕಲಾವಿದರ ಹೆಸರು ಬರೆಯಬೇಕು, ಬೆಳಕು ಹೆಚ್ಚಿಸಬೇಕು, ಅಳತೆ ಕುಗ್ಗಿಸಬೇಕು ಎಂದಾದರೆ ಸ್ಟ್ರೀಮ್ ಕಾಪಿಯಿಂದ ಆಗುವುದಿಲ್ಲ. ಪೊಟ್ಟಣ ಬಿಚ್ಚದೆ ಒಳಗಿನದನ್ನು ತಿದ್ದುವುದು ಹೇಗೆ? ಎಫ್‌ಎಫ್‌ಎಂಪೆಗ್ ಎರಡನ್ನೂ ಒಟ್ಟಿಗೆ ಕೇಳಿದರೆ ಖಡಾಖಂಡಿತವಾಗಿ ಒಲ್ಲೆ ಎನ್ನುತ್ತದೆ. ಆಗ ಎನ್‌ಕೋಡ್ ಮಾಡಲೇಬೇಕು. ಮಾಡುವುದಾದರೆ ಮೂಲ ಫೈಲಿನಿಂದಲೇ, ಎಲ್ಲ ತಿದ್ದುಪಡಿ ಸೇರಿಸಿ ಒಂದೇ ಸಲಕ್ಕೆ ಮಾಡಿ. ಜೊತೆಗೆ ಮಾಮೂಲಿ 23ರ ಬದಲು `-crf 16` ಕೊಡಿ. ಈ ಸಂಖ್ಯೆ ಇಳಿದಷ್ಟೂ ಮೆಟ್ಟಿಲು ಸಣ್ಣದಾಗುತ್ತದೆ, ಫೈಲು ದೊಡ್ಡದಾಗುತ್ತದೆ.