ತಟ್ಟೆಯ ಎಡಭಾಗದಲ್ಲಿ ಉಳಿದ ಅನ್ನ

ಲಕ್ವ ಹೊಡೆದವರ ಮನೆಯವರು ಮೊದಲು ಕೇಳುವುದು ಒಂದೇ ಮಾತು: "ಯಾವಾಗ ನಡೀತಾರೆ?" ಶಿವಮೊಗ್ಗದಲ್ಲಿ ಇಂಥ ರೋಗಿಗಳನ್ನು ಬಹುಕಾಲದಿಂದ ನೋಡುತ್ತಿರುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಮಾತಿಗೆಳೆದಾಗ, ಅವರು ಕಾಲಲ್ಲಿ ಬಲವಿದ್ದೂ ನಡೆಯಲಾಗದೆ ಬೀಳುತ್ತಿದ್ದ ಅಡಿಕೆ ಬೆಳೆಗಾರರೊಬ್ಬರ ವಿಷಯ ತೆಗೆದರು.

ವಯಸ್ಸು 62. ಮಿದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತಿದ್ದವು. ಮೂರು ವಾರದಲ್ಲಿ ಕಾಲು ಚೇತರಿಸಿಕೊಂಡಿತು. ಸ್ನಾಯುವಿನ ಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. ಅವರದು 4, ಅಂದರೆ ಕೈಯಿಂದ ಒತ್ತಿ ತಡೆದರೂ ಕಾಲು ಸಾಕಷ್ಟು ಎದುರು ನಿಲ್ಲುತ್ತದೆ. ಆದರೂ ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದರು. ಕಾಲಿಗೆ ಶಕ್ತಿ ಸಾಲದು ಎಂದು ಮಗ ಎಕ್ಸರ್‌ಸೈಸ್ ಹೆಚ್ಚಿಸಿದ, ಎಣ್ಣೆ ಹಚ್ಚಿ ತಿಕ್ಕಿದ.

"ಎರಡು ಸಲವೂ ಎಡಗಡೆಗೇ ಪೆಟ್ಟು ಬಿದ್ದಿತ್ತು. ಅದಕ್ಕೇ ಕಾಲು ಮುಟ್ಟೋ ಮುಂಚೆ ಅಮ್ಮನವರನ್ನ ಕೇಳಿದೆ, ಊಟ ಹೇಗೆ ಮಾಡ್ತಾರೆ ಅಂತ. 'ಬಲಗಡೆದು ತಿಂತಾರೆ, ಎಡಗಡೆ ಅನ್ನ ಹಾಗೇ ಇರುತ್ತೆ. ರುಚಿ ಹಿಡೀತಿಲ್ವೇನೋ ಅಂದ್ಕೊಂಡೆ' ಅಂದ್ರು."

ಆಮೇಲೆ ಅವರು ಒಂದು ಹಾಳೆಯ ಮೇಲೆ ಉದ್ದ ಗೆರೆ ಎಳೆದು, ಸರಿಯಾಗಿ ನಡುವೆ ಗುರುತು ಹಾಕಲು ರೋಗಿಗೆ ಹೇಳಿದರು. ಗುರುತು ಬಲಕ್ಕೆ ಬಹಳ ಸರಿದಿತ್ತು. ಎಡಗಡೆಯ ದೃಷ್ಟಿ ಮಾತ್ರ ಹೋಗಿದ್ದರೆ ರೋಗಿ ಸಾಮಾನ್ಯವಾಗಿ ತಲೆ ತಿರುಗಿಸಿ ನೋಡುವುದನ್ನು ಕಲಿತುಬಿಡುತ್ತಾನೆ. ಇವರು ತಿರುಗಿಸುತ್ತಲೇ ಇರಲಿಲ್ಲ. ಕಣ್ಣಿನ ದೋಷಕ್ಕಿಂತ ಹೆಚ್ಚಾಗಿ, ಎಡಗಡೆ ಎಂಬುದೇ ಅವರ ಗಮನಕ್ಕೆ ಬರುತ್ತಿರಲಿಲ್ಲ. ಮಿದುಳಿನ ಎಡಭಾಗ ಮುಖ್ಯವಾಗಿ ಬಲಗಡೆಯ ಜಗತ್ತನ್ನು ಗಮನಿಸಿದರೆ, ಬಲಭಾಗ ಎರಡೂ ಕಡೆಯನ್ನು ನೋಡಿಕೊಳ್ಳುತ್ತದೆ. ಬಲಭಾಗಕ್ಕೇ ಪೆಟ್ಟಾದಾಗ ಎಡಕ್ಕೆ ದಿಕ್ಕಿಲ್ಲದಂತಾಗುತ್ತದೆ. ಆ ದಿನದ ಪರೀಕ್ಷೆಯಲ್ಲಿ ನನಗೆ ದೊಡ್ಡದೆನಿಸಿದ್ದು ಊಟದ ಬಗ್ಗೆ ಕೇಳಿದ ಆ ಒಂದು ಪ್ರಶ್ನೆಯೇ.

ತೋಟದವರೆಗೆ ನಡೆಯಬೇಕು ಅನ್ನುವುದು ಮಗನ ಆಸೆ. ಇವರು ಇಟ್ಟುಕೊಂಡ ಗುರಿ ಮಂಚದಿಂದ ಬಚ್ಚಲಿಗೆ ಹದಿನೈದು ಹೆಜ್ಜೆ, ಒಬ್ಬರು ಪಕ್ಕದಲ್ಲಿದ್ದು, ಎಲ್ಲೂ ಡಿಕ್ಕಿಯಾಗದೆ. ಬಾಗಿಲಿನ ಎಡ ಚೌಕಟ್ಟಿಗೆ ಕೆಂಪು ಟೇಪು ಅಂಟಿಸಿದರು. ತಲೆ ತಿರುಗಿಸಿ ಆ ಕೆಂಪು ಸಿಕ್ಕಿದ ಮೇಲೆಯೇ ಹೆಜ್ಜೆ. ಮಾತಾಡಿಸುವವರು ಎಡಕ್ಕೆ ಕೂರಬೇಕು. ನೀರಿನ ಚೊಂಬು, ಕರೆಗಂಟೆ ಮಾತ್ರ ಸದ್ಯಕ್ಕೆ ಬಲಕ್ಕೇ ಇರಲಿ, ಅವಸರಕ್ಕೆ ಸಿಗಬೇಕಲ್ಲ. ಏಳಿಸುವಾಗ ಎಡಗೈ ಹಿಡಿದು ಎಳೆಯಬಾರದು. ಸೋತ ಸ್ನಾಯುಗಳಿಗೆ ಭುಜದ ಕೀಲನ್ನು ಬಿಗಿಹಿಡಿಯಲಾಗದು. ಎಳೆದರೆ ಕೀಲು ಜಾರಿ ನೋವು ತಿಂಗಳುಗಟ್ಟಲೆ ಉಳಿಯಬಹುದು.

ಅವರು ತಮ್ಮ ದಾಖಲೆ ಪುಸ್ತಕದ ಒಂದು ಪುಟವನ್ನು, ಹೆಸರು ಮುಚ್ಚಿ, ತೋರಿಸಿದರು. "ಸುಧಾರಿಸಿದೆ" ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. "ಬಿಪಿ 138/84. ಹದಿನೈದು ಹೆಜ್ಜೆ, ಎಡಗಡೆ ಒಬ್ಬರು, ಕೈ ಆಸರೆ ಬೇಕಾಗಲಿಲ್ಲ. ಎಡಕ್ಕೆ ನೋಡಿ ಎಂದು ಆರು ಸಲ ನೆನಪಿಸಬೇಕಾಯಿತು. ಚೌಕಟ್ಟಿಗೆ ಎರಡು ಸಲ ತಗುಲಿದರು." ಎರಡು ವಾರದ ನಂತರದ ಪುಟದಲ್ಲಿ ಹೆಜ್ಜೆಗಳು ಅಷ್ಟೇ, ನೆನಪಿಸಿದ್ದು ಎರಡು ಸಲ, ತಗುಲಿದ್ದು ಇಲ್ಲ. "ನಾನು ರಜೆ ಹಾಕಿದ್ರೂ ಇನ್ನೊಬ್ರು ಇಲ್ಲಿಂದಲೇ ಮುಂದುವರಿಸಬಹುದು. ಮಗ 'ಏನೂ ಬದಲಾಗಿಲ್ವಲ್ಲ ಮೇಡಂ' ಅಂದಾಗ ಎರಡೂ ಪುಟ ಪಕ್ಕಪಕ್ಕ ಇಟ್ಟು ತೋರಿಸಿದೆ."

ಹೆಂಡತಿಯ ಸಂಕಟ ಬೇರೆಯೇ ಇತ್ತು. ಆಸ್ಪತ್ರೆಯಲ್ಲೂ ಮನೆಯಲ್ಲೂ ಆಕೆ ಕೂರುತ್ತಿದ್ದುದು ಮಂಚದ ಎಡಕ್ಕೆ. ಕರೆದರೂ ಗಂಡ ತಿರುಗಿ ನೋಡುತ್ತಿರಲಿಲ್ಲ. ತನ್ನ ಮೇಲೆ ಸಿಟ್ಟಿರಬೇಕೆಂದು ಒಳಗೇ ಕೊರಗುತ್ತಿದ್ದರು. ಫಿಸಿಯೋ ಆಕೆಯನ್ನು ಬಲಗಡೆ ಕೂರಿಸಿ ಗಂಡನನ್ನು ಕರೆಯಲು ಹೇಳಿದರು. ಅವರು ತಕ್ಷಣ ಓಗೊಟ್ಟರು. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯುತ್ತಾ ಮಾತಾಡಿಸಿ, ಭುಜ ಮುಟ್ಟಿ ಕರೆಯಿರಿ ಎಂದು ಕಲಿಸಿಕೊಟ್ಟರು. ಗಾಬರಿಯಾದವರಿಗೆ ಕಾಯಿಲೆಯ ಹೆಸರು ಹೇಳುವುದಕ್ಕಿಂತ ಮೊದಲು ಹೀಗೆ ತೋರಿಸಿಕೊಡುತ್ತೇನೆ ಎನ್ನುತ್ತಾರೆ ಅವರು.

"ಪೂರ್ತಿ ವಾಸಿ ಆಗುತ್ತಾ?" ಎಂದದ್ದಕ್ಕೆ ಅವರು ಮಾತು ಕೊಡಲಿಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗ, ಆಮೇಲೆ ನಿಧಾನ. ಕೆಲವರಲ್ಲಿ ಎಡಗಡೆಯ ಮರೆವು ಸ್ವಲ್ಪ ಉಳಿದೇ ಬಿಡುತ್ತದೆ. ಮೂರನೆಯ ತಿಂಗಳಲ್ಲಿ ಆ ರೋಗಿ ಅಂಗಳದಲ್ಲಿ ತಾವೇ ಓಡಾಡುತ್ತಿದ್ದರು. ಸ್ಕೂಟರ್ ಕೀ ಕೇಳಿದಾಗ ಫಿಸಿಯೋ ಮತ್ತೆ ಗೆರೆ ಎಳೆದು ಕೊಟ್ಟರು. ಗುರುತು ಈಗಲೂ ಬಲಕ್ಕೆ ಒಂದು ಬೆರಳಿನಷ್ಟು ವಾಲಿತ್ತು. ನರರೋಗ ತಜ್ಞರು ನೋಡಿ ಒಪ್ಪುವವರೆಗೆ ಗಾಡಿ ಓಡಿಸಕೂಡದು ಎಂದು ದಾಖಲೆಯಲ್ಲಿ ಬರೆದು, ಮಗನ ಎದುರಿಗೇ ಓದಿ ಹೇಳಿ, ಅವನ ಸಹಿ ಹಾಕಿಸಿಕೊಂಡರು.