ಬದಲಿ ಟೀಚರಿಗೆ ಬರೆದಿಡುವ ಚೀಟಿ

ಗಣಿತದ ಟೀಚರ್ ರಜೆ ಹಾಕಿದ ದಿನ ಅವರ ಪೀರಿಯಡ್‌ಗೆ ಯಾರೋ ಒಬ್ಬರನ್ನು ಕಳುಹಿಸುತ್ತಾರೆ. ಅವರು ಹಿಂದಿ ಟೀಚರ್ ಆಗಿರಬಹುದು, ಡ್ರಾಯಿಂಗ್ ಮೇಷ್ಟ್ರಾಗಿರಬಹುದು. ಅವರ ಕೈಗೆ ಸಿಗುವುದು ಒಂದು ಕಟ್ಟು ವರ್ಕ್‌ಶೀಟ್ ಮತ್ತು ‘ಇದನ್ನು ಮಾಡಿಸಿಬಿಡಿ’ ಎಂಬ ಒಂದು ಮಾತು. ನಲವತ್ತು ನಿಮಿಷವಾದ ಮೇಲೆ ಹಾಳೆಗಳೇನೋ ತುಂಬಿರುತ್ತವೆ. ಆದರೆ ಮರುದಿನ ಬಂದ ಗಣಿತದ ಟೀಚರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಅರ್ಧ ತರಗತಿಯಲ್ಲಿ ಒಂದೇ ಉತ್ತರ, ಒಂದೇ ಅಕ್ಷರ ಬಿಟ್ಟರೆ ಮಿಕ್ಕೆಲ್ಲ ನಕಲು. ಇನ್ನರ್ಧದಲ್ಲಿ ರಬ್ಬರಿನಿಂದ ಉಜ್ಜಿ ಹರಿದ ಕಾಗದ.

ವರ್ಕ್‌ಶೀಟ್ ಮಾಡಿಸುವುದು ಮಕ್ಕಳನ್ನು ಸುಮ್ಮನೆ ಕೂರಿಸುವುದಕ್ಕಲ್ಲ. ತಾನಿಲ್ಲದಾಗ ಮಗು ಹೇಗೆ ಯೋಚಿಸಿತು ಎಂಬುದನ್ನು ಟೀಚರ್ ಆಮೇಲೆ ಓದಿ ತಿಳಿಯಬೇಕು. ಹೊತ್ತು ಹಂಚುವುದು, ಸಹಾಯ ಮಾಡುವುದು, ಹಾಳೆ ಒಟ್ಟು ಮಾಡುವುದು ಈ ಮೂರೂ ಅದಕ್ಕೆ ತಕ್ಕಂತೆ ನಡೆಯಬೇಕು. ಒಂದೇ ಒಂದು ಹಾಳೆಯನ್ನು ಹಿಡಿದು ನೋಡೋಣ.

5ನೇ ತರಗತಿ, ವ್ಯವಕಲನ. ಹಾಳೆಯಲ್ಲಿ ಎಂಟೇ ಲೆಕ್ಕ. ಮೊದಲನೆಯದು 864ರಿಂದ 231 ಕಳೆಯುವುದು. ಇದರಲ್ಲಿ ದಶಕ ತೆಗೆದುಕೊಳ್ಳುವ ಗೊಡವೆಯಿಲ್ಲ. ಮೂರನೆಯದು 742ರಿಂದ 318. ಇಲ್ಲಿ ಒಂದು ದಶಕ ತೆಗೆದುಕೊಳ್ಳಬೇಕು. ಐದನೆಯದು 5003ರಿಂದ 1876. ಟೀಚರ್ ನಿಜವಾಗಿ ಕಾಯುತ್ತಿರುವುದು ಈ ಐದನೆಯ ಲೆಕ್ಕಕ್ಕೆ. ಬಿಡಿ ಸ್ಥಾನದಲ್ಲಿ 3ರಿಂದ 6 ಹೋಗುವುದಿಲ್ಲ. ಪಕ್ಕದ ಹತ್ತರ ಮನೆಯಲ್ಲಿ ಸೊನ್ನೆ, ಅದರಾಚೆ ನೂರರ ಮನೆಯಲ್ಲೂ ಸೊನ್ನೆ. ಸಾವಿರದ ಮನೆಗೇ ಹೋಗಬೇಕು.

ಇದರ ಸರಿಯಾದ ಉತ್ತರ 3127. ಮಕ್ಕಳ ತಪ್ಪು ಉತ್ತರಗಳು ಹಾಳೆ ತುಂಬ ಚೆಲ್ಲಾಪಿಲ್ಲಿಯಾಗಿ ಬರುವುದಿಲ್ಲ, ಕೆಲವೇ ಉತ್ತರಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು ಗುಂಪು 4873 ಎಂದು ಬರೆಯುತ್ತದೆ. ಈ ಮಕ್ಕಳು ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ, ಮೇಲಿದ್ದರೂ ಸರಿ, ಕೆಳಗಿದ್ದರೂ ಸರಿ. 6ರಿಂದ 3, 7ರಿಂದ 0, 8ರಿಂದ 0, 5ರಿಂದ 1. ಇನ್ನೊಂದು ಗುಂಪಿನ ಉತ್ತರ 3237. ಇವರಿಗೆ ಸಾವಿರದಿಂದ ತರಬೇಕೆಂದು ಗೊತ್ತು, 5ನ್ನು 4 ಮಾಡಿದ್ದಾರೆ. ಆದರೆ ಎರಡು ಸೊನ್ನೆಗಳನ್ನೂ ಹತ್ತು ಮಾಡಿ ಹಾಗೇ ಬಿಟ್ಟಿದ್ದಾರೆ. ಹತ್ತರಿಂದ ಒಂದನ್ನು ಪಕ್ಕದ ಮನೆಗೆ ಕೊಟ್ಟ ಮೇಲೆ ಅಲ್ಲಿ ಉಳಿಯುವುದು ಒಂಬತ್ತು ಎಂಬುದನ್ನು ಬಿಟ್ಟುಬಿಟ್ಟಿದ್ದಾರೆ.

ಮಕ್ಕಳ ಕಳೆಯುವ ಲೆಕ್ಕದ ಇಂಥ ತಪ್ಪುಗಳನ್ನೇ ಹಿಡಿದು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎಷ್ಟೋ ಮಕ್ಕಳು ಅಜಾಗರೂಕತೆಯಿಂದ ತಪ್ಪುವುದಲ್ಲ, ತಪ್ಪಾದ ಒಂದು ಕ್ರಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತಾರೆ ಎಂಬುದು ಅವರು ತೋರಿಸಿದ ವಿಷಯ. ಮನಸ್ಸಿಟ್ಟು ಪಾಠ ಮಾಡುವ ಪ್ರೈಮರಿ ಟೀಚರುಗಳೂ ಇದನ್ನು ದಿನಾ ನೋಡುತ್ತಾರೆ. 4873 ಬರೆದ ಮಗುವಿಗೂ 3237 ಬರೆದ ಮಗುವಿಗೂ ಬೇಕಾದ ಪಾಠ ಒಂದೇ ಅಲ್ಲ. ಆದ್ದರಿಂದ ಆ ತಪ್ಪು ಟೀಚರ ಮೇಜಿನವರೆಗೆ ಅಳಿಯದೆ ಬರಬೇಕು. ಬದಲಿಯಾಗಿ ಬಂದವರಿಂದ ಕೇಳಿಕೊಳ್ಳುವ ಉಪಕಾರ ಇದೊಂದೇ.

ಇನ್ನು ಹೊತ್ತಿನ ವಿಚಾರ. ಪೀರಿಯಡ್ ನಲವತ್ತು ನಿಮಿಷವಾದರೂ ಕೆಲಸಕ್ಕೆ ಸಿಗುವುದು ಇಪ್ಪತ್ತೈದೇ. ಬೇರೆ ಟೀಚರ್ ಬಂದಿದ್ದಾರೆ ಎಂಬ ಗದ್ದಲ ಅಡಗಿ, ಹಾಳೆ ಹಂಚಿ, ಎಲ್ಲರೂ ಹೆಸರು ಮತ್ತು ಕ್ರಮಸಂಖ್ಯೆ ಬರೆಯುವ ಹೊತ್ತಿಗೆ ಎಂಟು ನಿಮಿಷ ಕಳೆದಿರುತ್ತದೆ. ಕೊನೆಯ ಏಳು ನಿಮಿಷವನ್ನು ಹಾಳೆ ಒಟ್ಟು ಮಾಡಲು ಇಟ್ಟುಕೊಳ್ಳಬೇಕು. ಲೆಕ್ಕ ಎಂಟೇ ಇರಲಿ ಎಂದದ್ದು ಇದಕ್ಕೇ. ಹಾಳೆ ತಯಾರಿಸುವಾಗ ನಾನು ಹಂತಗಳನ್ನೆಲ್ಲ ಬರೆಯುತ್ತಾ ಅದನ್ನೊಮ್ಮೆ ಮಾಡಿ ನೋಡುತ್ತೇನೆ. ನನಗೆ ಐದು ನಿಮಿಷ ಹಿಡಿದರೆ ಈ ವಯಸ್ಸಿನ ಮಕ್ಕಳಿಗೆ ಇಪ್ಪತ್ತಾದರೂ ಬೇಕು. ಇಪ್ಪತ್ತು ಲೆಕ್ಕ ತುರುಕಿದರೆ ನಿಧಾನಿಸುವ ಮಕ್ಕಳು ಐದನೆಯದನ್ನು ಮುಟ್ಟುವುದೇ ಇಲ್ಲ, ಬೇಗ ಮಾಡುವವರು ಅವಸರದಲ್ಲಿ ಗೀಚುತ್ತಾರೆ.

ಎಂಟೇ ಲೆಕ್ಕವಿದ್ದರೂ ಮೂರನೆಯದರಲ್ಲೇ ಸಿಕ್ಕಿಕೊಳ್ಳುವ ಮಕ್ಕಳಿರುತ್ತಾರೆ. ಅದಕ್ಕೊಂದು ಉಪಾಯವಿದೆ. ಕೆಲಸ ಶುರುವಾಗಿ ಹದಿನೈದು ನಿಮಿಷವಾದಾಗ ಬದಲಿ ಟೀಚರ್ ಎಲ್ಲರಿಗೂ ಹೀಗೆ ಹೇಳಬೇಕು: ‘ಈಗ ಮಾಡ್ತಿರೋ ಲೆಕ್ಕದ ಕೆಳಗೆ ಒಂದು ಗೆರೆ ಎಳೀರಿ. ಐದನೇ ಲೆಕ್ಕ ಇನ್ನೂ ಮಾಡಿಲ್ಲದವರು ಈಗ ಅದನ್ನ ಮಾಡಿ. ಆಮೇಲೆ ಬಿಟ್ಟಿದ್ದಕ್ಕೆ ವಾಪಸ್ ಹೋಗಿ.’ ಆ ಗೆರೆಯಿಂದ ಯಾರ ವೇಗ ಎಷ್ಟೆಂದು ತಿಳಿಯುತ್ತದೆ, ಮುಖ್ಯವಾದ ಲೆಕ್ಕವನ್ನು ಎಲ್ಲರೂ ಮುಟ್ಟಿದಂತೆಯೂ ಆಗುತ್ತದೆ. ಮೊದಲೇ ಮುಗಿಸಿದವರಿಗೆ ಇನ್ನೊಂದು ಹಾಳೆ ಕೊಡುವುದು ಬೇಡ, ಬೇಗ ಮುಗಿಸಿದ್ದಕ್ಕೆ ಶಿಕ್ಷೆಯೆಂದು ಮಕ್ಕಳು ತಿಳಿಯುತ್ತಾರೆ. ಹಾಳೆ ಮಗುಚಿ, ಐದನೆಯ ಲೆಕ್ಕಕ್ಕೆ ಹೊಂದುವ ಒಂದು ಕಥೆ ಬರೆಯಲಿ. 5003 ತೆಂಗಿನಕಾಯಿಯೋ, 5003 ರೂಪಾಯಿಯೋ, ಅವರಿಗೆ ತೋಚಿದ್ದು. ಕಳೆಯುವುದೆಂದರೆ ಏನೆಂದು ಯಾರಿಗೆ ಅರ್ಥವಾಗಿದೆ ಎಂಬುದು ಆ ಕಥೆಯಲ್ಲೂ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸಹಾಯದ ಮಾತು. ಮಗು ಹಾಳೆ ಹಿಡಿದು ಎದುರಿಗೆ ಬಂದು ನಿಂತಾಗ ಹೇಳಿಕೊಡದೆ ಇರುವುದು ಯಾವ ಟೀಚರಿಗೂ ಸುಲಭವಲ್ಲ. ಹೇಳಿಕೊಡುವುದೇ ಅವರ ಕಸುಬು. ಆದ್ದರಿಂದ ‘ಸ್ವಲ್ಪ ಸಹಾಯ ಮಾಡಿ’ ಎಂದು ಬರೆದಿಟ್ಟರೆ ಏನೂ ಹೇಳಿದಂತಾಗದು. ಎಲ್ಲಿಯವರೆಗೆ ಎಂದು ಬರೆಯಬೇಕು. ನನ್ನ ಗಡಿ ಇದು: ಓದುವುದಕ್ಕೆ ಸಹಾಯ ಮಾಡಬಹುದು, ಏನು ಮಾಡಬೇಕೆಂದು ಆರಿಸುವುದಕ್ಕೆ ಕೂಡದು.

ಈ ಹಾಳೆಯ ಏಳನೆಯ ಲೆಕ್ಕ ನೋಡಿ. ಒಂದು ತೋಟದಲ್ಲಿ 304 ಅಡಿಕೆ ಮರಗಳಿವೆ, ಪಕ್ಕದ ತೋಟದಲ್ಲಿ 176. ಮೊದಲ ತೋಟದಲ್ಲಿ ಎಷ್ಟು ಮರ ಹೆಚ್ಚು? ‘ಟೀಚರ್, ಇದು ಕೂಡೋದಾ, ಕಳೆಯೋದಾ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ‘ಕಳೆಯೋದು ಕಣೋ’ ಎಂದುಬಿಟ್ಟರೆ ಮಗು 128 ಎಂದು ಬರೆಯುತ್ತದೆ, ಸರಿ ಉತ್ತರವೇ. ಆದರೆ ‘ಹೆಚ್ಚು’ ಎಂಬ ಮಾತು ಕಂಡೊಡನೆ ಕೂಡಿ 480 ಬರೆಯುವ ಮಗು ಅದಾಗಿತ್ತೇ ಎಂಬುದು ಗಣಿತದ ಟೀಚರಿಗೆ ಗೊತ್ತಾಗುವುದಿಲ್ಲ. ಅದರ ಬದಲು ಲೆಕ್ಕವನ್ನು ನಿಧಾನವಾಗಿ ಎರಡು ಸಲ ಓದಿ ಹೇಳಬಹುದು. ತೋಟದ ಚಿತ್ರ ಬರೆದುಕೋ ಎನ್ನಬಹುದು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಪದದ ಅರ್ಥವನ್ನು ಅದರ ಭಾಷೆಯಲ್ಲೇ ಹೇಳಬಹುದು. ‘ನಿನಗೇನನ್ನಿಸುತ್ತೆ, ಹಾಗೇ ಮಾಡು. ತಪ್ಪಾದರೂ ಪರವಾಗಿಲ್ಲ, ನಿಮ್ಮ ಟೀಚರ್ ನೋಡ್ತಾರೆ’ ಎಂದರೆ ಸಾಕು. ಬೆರಳು ಎಣಿಸುವುದಕ್ಕೆ, ಅಂಚಿನಲ್ಲಿ ಗೀಟು ಹಾಕಿ ಲೆಕ್ಕ ಹಿಡಿಯುವುದಕ್ಕೆ ತಡೆಯಿಲ್ಲ. ಪಕ್ಕದವರನ್ನು ಕೇಳುವುದು ಈ ಇಪ್ಪತ್ತೈದು ನಿಮಿಷದ ಮಟ್ಟಿಗೆ ಬೇಡ.

ಇಷ್ಟಾದರೂ ಅಳುವ ಸ್ಥಿತಿಗೆ ಬಂದ ಮಗುವಿಗೆ ಒಂದು ಹೆಜ್ಜೆ ಹೇಳಿಕೊಡದೆ ಇರಲಾಗುವುದಿಲ್ಲ, ಇರಲೂಬಾರದು. ಹೇಳಿಕೊಡಲಿ, ಆ ಲೆಕ್ಕದ ಪಕ್ಕದಲ್ಲಿ ತಮ್ಮ ಪೆನ್ನಿನಿಂದ ‘ಸ’ ಎಂದು ಬರೆದು ಸುತ್ತು ಹಾಕಲಿ. ಅದು ಸಹಾಯ ಕೊಟ್ಟ ಲೆಕ್ಕವೆಂದು ಗಣಿತದ ಟೀಚರಿಗೆ ತಿಳಿದರಾಯಿತು. ಈ ಒಂದಕ್ಷರವಿದ್ದರೆ ಸಹಾಯದಿಂದ ನಷ್ಟವೇನೂ ಇಲ್ಲ.

ರಬ್ಬರಿನ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಮೊದಲೇ ಎಲ್ಲರಿಂದಲೂ ರಬ್ಬರ್ ಬ್ಯಾಗಿನೊಳಗೆ ಇಡಿಸಬೇಕು. ತಪ್ಪೆನಿಸಿದ್ದನ್ನು ಒಂದೇ ಗೆರೆಯಿಂದ ಹೊಡೆದುಹಾಕಿ ಪಕ್ಕದಲ್ಲಿ ಮತ್ತೆ ಮಾಡಲಿ. 4873 ಬರೆದು, ಅನುಮಾನ ಬಂದು, ಹೊಡೆದು 3127 ಬರೆದ ಮಗು ಎಲ್ಲಿಂದ ಎಲ್ಲಿಗೆ ಬಂತೆಂದು ಹಾಗಾದರೆ ಮಾತ್ರ ಕಾಣುತ್ತದೆ. ಚಿಲ್ಲರೆ ಲೆಕ್ಕವನ್ನೂ ನೋಟ್‌ಬುಕ್ಕಿನ ಹಿಂದೆ ಮಾಡದೆ ಹಾಳೆಯ ಮೇಲೆಯೇ ಮಾಡಬೇಕು. ಅದಕ್ಕಾಗಿ ಹಾಳೆಯ ಬಲಗಡೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಪ್ರಿಂಟ್ ತೆಗೆಸಬೇಕು. ಪ್ರಿಂಟ್ ತೆಗೆಸುವಾಗ ಎರಡು ಮೂರು ಹಾಳೆ ಹೆಚ್ಚಿಗೆ ಇರಲಿ. ಹರಿದುಕೊಂಡವರು, ತಡವಾಗಿ ಬಂದವರು ಇದ್ದೇ ಇರುತ್ತಾರೆ.

ಒಟ್ಟು ಮಾಡುವಾಗ ಮಕ್ಕಳು ಎದ್ದು ಮೇಜಿನ ಬಳಿ ಬಂದರೆ ಆ ನೂಕುನುಗ್ಗಲಲ್ಲೇ ಒಂದಿಬ್ಬರು ಉತ್ತರ ನೋಡಿ ತಿದ್ದಿಕೊಳ್ಳುತ್ತಾರೆ, ಒಂದೆರಡು ಹಾಳೆ ಬ್ಯಾಗಿಗೂ ಸೇರುತ್ತವೆ. ಆದ್ದರಿಂದ ಎಲ್ಲರೂ ಪೆನ್ಸಿಲ್ ಕೆಳಗಿಟ್ಟ ಮೇಲೆ ಟೀಚರೇ ಬೆಂಚಿನಿಂದ ಬೆಂಚಿಗೆ ಹೋಗಿ ತೆಗೆದುಕೊಳ್ಳಬೇಕು. ಹೆಸರಿದೆಯೇ ಎಂದು ಆಗಲೇ ನೋಡಬೇಕು. ಪೂರ್ತಿ ಮಾಡದ ಹಾಳೆಯನ್ನೂ ತೆಗೆದುಕೊಳ್ಳಬೇಕು, ‘ಮನೆಯಲ್ಲಿ ಮುಗಿಸಿಕೊಂಡು ಬಾ’ ಎನ್ನಬಾರದು. ಮನೆಯಿಂದ ಬರುವುದು ಅಣ್ಣನ ಉತ್ತರ. ತೆಗೆದುಕೊಂಡ ಕ್ರಮದಲ್ಲೇ ಹಾಳೆಗಳನ್ನು ಜೋಡಿಸಿ ಇಟ್ಟರೆ ಒಂದೇ ಬೆಂಚಿನವರ ಹಾಳೆಗಳು ಒಟ್ಟಿಗಿರುತ್ತವೆ. ಅಕ್ಕಪಕ್ಕದ ಇಬ್ಬರಲ್ಲೂ ಒಂದೇ ವಿಚಿತ್ರ ತಪ್ಪಿದ್ದರೆ ಅದು ನಕಲೇ ಎಂದು ಟೀಚರಿಗೆ ತಿಳಿಯುತ್ತದೆ. ಕೊನೆಗೆ ಹಾಜರಿಯ ಜೊತೆ ತಾಳೆ ನೋಡಬೇಕು. 42 ಮಕ್ಕಳಲ್ಲಿ 39 ಜನ ಬಂದಿದ್ದರೆ 39 ಹಾಳೆ, ಗೈರಾದ ಮೂವರ ಕ್ರಮಸಂಖ್ಯೆ ಮೇಲಿನ ಚೀಟಿಯಲ್ಲಿ. ಕೆಂಪು ಪೆನ್ನಿನಿಂದ ತಿದ್ದುವುದು, ಅಂಕ ಹಾಕುವುದು, ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯುವುದು ಇವು ಯಾವುದೂ ಬೇಡ.

ಇವಿಷ್ಟನ್ನೂ ಅರ್ಧ ಪುಟದಲ್ಲಿ ಬರೆಯಬಹುದು. ಹೀಗೆ:

‘ಮೇಡಂ, ನಮಸ್ಕಾರ. 5ನೇ ತರಗತಿ, 42 ಮಕ್ಕಳು, ಹಾಳೆ 45. ರಬ್ಬರ್ ಒಳಗಿಡಿಸಿ. ಕೆಲಸಕ್ಕೆ 25 ನಿಮಿಷ. ಹದಿನೈದಕ್ಕೆ ಗೆರೆ ಎಳೆಸಿ, ಮಾಡಿಲ್ಲದವರಿಂದ ಐದನೆಯ ಲೆಕ್ಕ ಮಾಡಿಸಿ. ಪ್ರಶ್ನೆ ಓದಿ ಹೇಳಬಹುದು, ಕೂಡುವುದೋ ಕಳೆಯುವುದೋ ಹೇಳುವುದು ಬೇಡ. ಹೇಳಲೇಬೇಕಾಯಿತೆಂದರೆ ಪಕ್ಕದಲ್ಲಿ “ಸ” ಬರೆಯಿರಿ. ಮುಗಿಸಿದವರು ಹಿಂದೆ ಕಥೆ ಬರೆಯಲಿ. ಬೆಲ್‌ಗೆ 7 ನಿಮಿಷ ಮೊದಲು ನೀವೇ ಬೆಂಚಿಗೆ ಹೋಗಿ ತೆಗೆದುಕೊಳ್ಳಿ, ಎಣಿಸಿ, ತಿದ್ದದೆ ನನ್ನ ಬೀರುವಿನಲ್ಲಿಡಿ. ಕೊನೆಯ ಬೆಂಚಿನ ಎಡಗಡೆಯ ಹುಡುಗನಿಗೆ ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ಮುಂದೆ ಕೂರಿಸಿ.’

ಮರುದಿನ ಟೀಚರ್ ಬಂದು ಐದನೆಯ ಲೆಕ್ಕವೊಂದನ್ನೇ ನೋಡಿ ಹಾಳೆಗಳನ್ನು ಮೂರು ಗುಡ್ಡೆ ಮಾಡಿದರೆ ಅಂದಿನ ಪಾಠ ಸಿದ್ಧ. 3237ರ ಗುಡ್ಡೆಯ ಮಕ್ಕಳಿಗೆ ಆಟದ ನೋಟು ಕೊಡಲಿ: ಐದು ಸಾವಿರದ ನೋಟು, ಮೂರು ಬಿಡಿ ರೂಪಾಯಿ. ಒಂದು ಸಾವಿರ ಮುರಿಸಿದರೆ ಹತ್ತು ನೂರು. ಅದರಲ್ಲೊಂದು ಮುರಿಸಿದರೆ ಹತ್ತು ಹತ್ತು. ಅದರಲ್ಲೂ ಒಂದು ಮುರಿಸಿದರೆ ಹತ್ತು ಬಿಡಿ. ಈಗ ಕೈಯಲ್ಲಿರುವುದು ನಾಲ್ಕು ಸಾವಿರ, ಒಂಬತ್ತು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಸೊನ್ನೆ ಒಂಬತ್ತಾದದ್ದು ಹೇಗೆಂದು ಮಗು ಎಣಿಸಿಯೇ ನೋಡುತ್ತದೆ. 4873ರ ಗುಡ್ಡೆಯವರು ಇಲ್ಲಿಗೆ ಬರುವ ಮೊದಲು 742ರಿಂದ 318 ಕಳೆಯುವಲ್ಲಿಗೆ ಹಿಂದಿರುಗಬೇಕು. ಅಲ್ಲಿ ಅವರು 436 ಎಂದು ಬರೆದಿದ್ದರೆ ಸೊನ್ನೆಯದಲ್ಲ ತೊಡಕು, ದಶಕ ತೆಗೆದುಕೊಳ್ಳುವುದೇ ಇನ್ನೂ ಬಂದಿಲ್ಲ.

ಗಣಿತ ಪಾಠ ಮಾಡುವ ಗೆಳೆಯರೇ, ಮುಂದಿನ ಸಲ ರಜೆ ಅರ್ಜಿ ಬರೆಯುವಾಗ ಹಾಳೆಗಳ ಕಟ್ಟಿನ ಮೇಲೆ ಈ ಅರ್ಧ ಪುಟವನ್ನೂ ಪಿನ್ ಮಾಡಿ ಇಡಿ.