ಚೆನ್ನೈಯಲ್ಲಿ ಪಾಲ್, ನಮ್ಮಲ್ಲಿ ಹಾಲು: ಯಾಕೆ?

ಇವತ್ತು ನಾನು ಪರಿಚಯ ಮಾಡಿಕೊಡ್ತಿರೋದು ಭದ್ರಿರಾಜು ಕೃಷ್ಣಮೂರ್ತಿ ಅವರನ್ನ. ಹೈದರಾಬಾದಿನ ಉಸ್ಮಾನಿಯಾದಲ್ಲಿ ಭಾಷಾವಿಜ್ಞಾನ ಕಲಿಸಿದವರು, 2012ರಲ್ಲಿ ತೀರಿಕೊಂಡರು. ಅವರ ಕ್ಷೇತ್ರ ತೌಲನಿಕ ದ್ರಾವಿಡ ಭಾಷಾವಿಜ್ಞಾನ. ಹೆಸರು ಕೇಳಿ ಹೆದರಬೇಡಿ, ಅದನ್ನ ಒಂದೇ ಪ್ರಶ್ನೆ ಮಾಡ್ತೀನಿ: ಚೆನ್ನೈ ಅಂಗಡಿಯಲ್ಲಿ ಪಾಲ್, ಹೈದರಾಬಾದಿನಲ್ಲಿ ಪಾಲು, ನಮ್ಮ ಮನೆಯಲ್ಲಿ ಮಾತ್ರ ಹಾಲು, ಯಾಕೆ?

ಒಂದೇ ಪದ ಆಗಿದ್ರೆ ಕಾಕತಾಳೀಯ ಅನ್ನಬಹುದಿತ್ತು. ಆದರೆ ನಮ್ಮ ಹುಲಿ ಎರಡೂ ಕಡೆ ಪುಲಿ. ನಮ್ಮ ಹತ್ತು ತಮಿಳಲ್ಲಿ ಪತ್ತು, ತೆಲುಗಲ್ಲಿ ಪದಿ. ವ್ಯತ್ಯಾಸ ಹೀಗೆ ಸಾಲಾಗಿ ಬಂದರೆ ಅದು ನಿಯಮ, ಪದಗಳ ಮೂಲ ಒಂದೇ. ಕೃಷ್ಣಮೂರ್ತಿ ಇಂಥ ಹೋಲಿಕೆಯನ್ನ 20ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾಡಿದರು.

ಹಾಗಾದ್ರೆ ಬದಲಾದವರು ಯಾರು? ನಾವೇ. 10ನೇ ಶತಮಾನದಲ್ಲಿ, ಪಂಪನ ಕಾಲದ ಕನ್ನಡದಲ್ಲೂ ಪಾಲ್ ಅಂತಲೇ ಇತ್ತು. ಪದದ ಮೊದಲಲ್ಲಿದ್ದ ಪಕಾರ ಆಮೇಲೆ ಹಕಾರ ಆಯ್ತು.

ಮತ್ತೆ ಅಪ್ಪ? ನಡುವಿನ ಒತ್ತಕ್ಷರ ಬದಲಾಗಲಿಲ್ಲ. ಪುಸ್ತಕ? ಸಂಸ್ಕೃತದಿಂದ ಬಂದದ್ದು, ಹಾಗೇ ಉಳೀತು. ಇನ್ನೊಂದು ಎಚ್ಚರ: ಎಲ್ಲ ಹಕಾರವೂ ಹಳೇ ಪಕಾರ ಅಲ್ಲ, ಹಸ್ತ ಮೊದಲಿಂದಲೂ ಹಸ್ತವೇ. ಅನುಮಾನ ಬಂದರೆ ಪಕ್ಕದ ಮನೆಯ ತಮಿಳರನ್ನ ಕೇಳಿ.